ಹೊಸ ಗ್ರಾಹಕರಿಗೆ ಉದ್ದರಿ ಕೊಡುವ ಮುನ್ನ ವಿವರ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರದಲ್ಲಿ ನಮ್ಮದೊಂದು ಸಣ್ಣ ಕಾಫಿಪುಡಿ ಘಟಕವಿದೆ. ಕೊಡಗಿನ ಹೋಟೆಲು, ಹೋಂಸ್ಟೇ, ರೆಸಾರ್ಟುಗಳಿಗೆ ಪುಡಿಯನ್ನೂ ಕಾಳುಮೆಣಸನ್ನೂ ಒದಗಿಸುತ್ತೇವೆ. ಈ ವ್ಯಾಪಾರದಲ್ಲಿ ಮುಕ್ಕಾಲು ಪಾಲು ಉದ್ದರಿಯ ಮೇಲೆಯೇ ನಡೆಯುತ್ತದೆ. ಖಾತೆ ತೆರೆಯುವ ಮುನ್ನ ಎಲ್ಲ ಗ್ರಾಹಕರಿಂದಲೂ ಒಂದು ಪುಟದ ಅರ್ಜಿ ತುಂಬಿಸಿಕೊಳ್ಳುವ ರೂಢಿಯನ್ನು ನಾವು ಆರಂಭಿಸಿದ ಮೇಲೆ, ಇದೇ ಬಗೆಯ ವ್ಯಾಪಾರದಲ್ಲಿರುವ ಸ್ನೇಹಿತರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಉದಾಹರಣೆಗಳು ರೆಸಾರ್ಟಿನವೇ ಆಗಿದ್ದರೂ ತರಕಾರಿ, ಕೋಳಿ, ದಿನಸಿ ಒದಗಿಸುವವರಿಗೂ ಲೆಕ್ಕ ಬಹುತೇಕ ಇದೇ.

## ಕೇಳುವ ಮೊದಲು

ಕೊಡಗಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ವಿವರ ಕೇಳಿದರೆ "ನಮ್ಮ ಮನೆತನವೇ ನಿಮಗೆ ಗೊತ್ತಿಲ್ಲವೇ" ಎಂದು ಬೇಸರಿಸುವುದಿಲ್ಲವೇ?

ಮನೆ ಹೆಸರು ಹೇಳಿದರೆ ಅವರ ಅಜ್ಜ ಯಾರು, ತೋಟ ಎಲ್ಲಿದೆ ಎಂಬುದು ತಿಳಿಯುತ್ತದೆ. ಬಿಲ್ಲು ಕೈಗೆ ಬಂದ ಎಷ್ಟನೇ ದಿನ ಹಣ ಕೊಡುತ್ತಾರೆ ಎಂಬುದು ಅದರಿಂದ ತಿಳಿಯುವುದಿಲ್ಲ. ನಮ್ಮ ಹಿರಿಯರ ಕಾಲದ ಉದ್ದರಿ ಬೇರೆ ತರಹದ್ದು. ಅಂಗಡಿಯವನು ವರ್ಷವಿಡೀ ಬರೆದಿಡುತ್ತಿದ್ದ, ಕಾಫಿ ಕೊಯ್ಲು ಮುಗಿದು ಮಾಲು ಮಾರಿದ ಮೇಲೆ ತೋಟದವರು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಸಾಲಗಾರನ ತೋಟ ಕಣ್ಣೆದುರಿಗೇ ಇರುತ್ತಿತ್ತು. ಇಂದು ರೆಸಾರ್ಟಿನ ಹೆಸರಿನಲ್ಲಿ ಮಾಲು ತೆಗೆದುಕೊಳ್ಳುವವರು ಹಲವು ಕಡೆ ಅದರ ಒಡೆಯರೇ ಆಗಿರುವುದಿಲ್ಲ.

ಜನರಿಗೆ ಬೇಸರ ತರುವುದು ಕೇಳುವ ಕ್ರಿಯೆಯಲ್ಲ, ತಮ್ಮೊಬ್ಬರನ್ನೇ ಕೇಳಿದರು ಎಂಬ ಭಾವನೆ. ಆದ್ದರಿಂದ ಅರ್ಜಿ ಎಲ್ಲರಿಗೂ ಒಂದೇ ಇರಬೇಕು, ಅದನ್ನು ನಿಜವಾಗಿಯೂ ಎಲ್ಲರಿಂದಲೂ ತುಂಬಿಸಿಕೊಳ್ಳಬೇಕು. ನನ್ನ ಚಿಕ್ಕಪ್ಪನ ಮಗ ಹೋಂಸ್ಟೇ ತೆರೆದಾಗ ಅವನಿಂದಲೂ ತುಂಬಿಸಿಕೊಂಡೆವು. ಅವನು ಒಂದು ದಿನ ಮುಖ ಸಿಂಡರಿಸಿಕೊಂಡಿದ್ದು ನಿಜ, ಆದರೆ ಆ ಹಾಳೆ ನಮ್ಮ ಕಡತದಲ್ಲಿರುವುದರಿಂದ "ಇದು ಎಲ್ಲರಿಗೂ ಇರುವ ಕ್ರಮ" ಎಂದು ಹೇಳುವಾಗ ನನ್ನ ದನಿ ಅಳುಕುವುದಿಲ್ಲ. ಹೊರಗಿನವರಂತೆ ಕಾಣುವವರನ್ನು ಮಾತ್ರ ಕೇಳಿ ಊರಿನವರನ್ನು ಬಿಟ್ಟರೆ ಅದು ಸಂಶಯವೇ ಹೌದು, ಅದನ್ನು ಯಾವ ನಯದ ಮಾತಿನಿಂದಲೂ ಮುಚ್ಚಲಾಗದು.

ಒಂದೆರಡು ಸಲ ಮಾಲು ಕೊಟ್ಟು, ಪರಿಚಯವಾದ ಮೇಲೆ ಕೇಳಿದರೆ ಆಗದೇ?

ಆಗುತ್ತದೆ, ಆದರೆ ಆಗ ಕೇಳುವುದೇ ಹೆಚ್ಚು ಕಷ್ಟ. ಉದ್ದರಿ ನಡೆಯುತ್ತಿರುವಾಗ ನಡುವೆ ವಿವರ ಕೇಳಿದರೆ, ನಮ್ಮ ಬಗ್ಗೆ ಇವರು ಏನೋ ಕೇಳಿಸಿಕೊಂಡಿರಬೇಕು ಎಂದು ಎದುರಿನವರಿಗೆ ಅನಿಸುವುದು ಸಹಜ. ದರಪಟ್ಟಿ ಕೊಡುವಾಗಲೇ ಅರ್ಜಿಯನ್ನೂ ಅದೇ ಲಕೋಟೆಯಲ್ಲಿಟ್ಟು ಕೊಟ್ಟರೆ, ಅದು ದರ, ತೂಕ, ಸಾಗಣೆಯ ಹಾಗೆ ವ್ಯವಹಾರದ ಇನ್ನೊಂದು ಅಂಗವಾಗಿ ಕಾಣುತ್ತದೆ.

ನಮ್ಮ ಕ್ರಮವೆಂದರೆ ಮೊದಲ ಎರಡು ಸರಬರಾಜು ರೊಕ್ಕಕ್ಕೆ. ಮಾಲು ಇಳಿಸಿದಾಗ ಯುಪಿಐ ಮೂಲಕ ಪಾವತಿ. ಆ ಅವಧಿಯಲ್ಲಿ ನಾವು ಅರ್ಜಿಯ ಕೆಲಸ ಮುಗಿಸುತ್ತೇವೆ, ಅದಕ್ಕೆ ನಾಲ್ಕು ಕೆಲಸದ ದಿನ ಬೇಕು ಎಂದು ಮೊದಲೇ ಹೇಳಿರುತ್ತೇವೆ. ಶುಕ್ರವಾರ ಸಂಜೆ ಫೋನ್ ಮಾಡಿ "ನಾಳೆ ಬೆಳಿಗ್ಗೆ ಗೆಸ್ಟ್ ಬರುತ್ತಾರೆ, ಹತ್ತು ಕಿಲೋ ಕಳಿಸಿಬಿಡಿ, ಪೇಪರ್ ಆಮೇಲೆ ಮಾಡೋಣ" ಎನ್ನುವವರಿಗೆ ಮಾಲನ್ನು ಖಂಡಿತ ಕಳಿಸಬೇಕು, ಆದರೆ ರೊಕ್ಕಕ್ಕೆ. ತುರ್ತಿರುವುದು ಪುಡಿಗೆ, ಉದ್ದರಿಗಲ್ಲ.

ಬಾಯಿಬಿಟ್ಟು ಕೇಳುವಾಗ ಯಾವ ಮಾತು ಬಳಸಬೇಕು?

ನಾನು ಹೇಳುವುದು ಹೆಚ್ಚುಕಡಿಮೆ ಹೀಗೆ: "ಸರ್, ಮೂವತ್ತು ದಿನದ ಖಾತೆ ತೆರೆಯಲು ನಮ್ಮಲ್ಲಿ ಒಂದು ಪುಟದ ಅರ್ಜಿ ಇದೆ. ಮೇಲುಭಾಗದಲ್ಲಿ ನಮ್ಮ ವಿವರ ತುಂಬಿದ್ದೇವೆ, ಕೆಳಗೆ ನಿಮ್ಮದು. ಈಗ ನಿಮಗೆ ಉದ್ದರಿಗೆ ಮಾಲು ಕೊಡುತ್ತಿರುವ ಮೂವರ ಹೆಸರನ್ನೂ ಬರೆದುಕೊಡಿ. ಅವರಿಗೆ ನಾವು ಒಮ್ಮೆ ಫೋನ್ ಮಾಡುತ್ತೇವೆ. ನಮ್ಮ ಬಗ್ಗೆ ವಿಚಾರಿಸಬೇಕೆಂದಿದ್ದರೆ ನಮಗೆ ಹಸಿರು ಬೀಜ ಕೊಡುವ ಇಬ್ಬರ ನಂಬರೂ ಮೇಲಿದೆ."

ಈ ಮಾತಿನಲ್ಲಿ ಕೆಲಸ ಮಾಡುವುದು ಮೇಲುಭಾಗದ ಆ ವಿವರ. ನಮ್ಮ ಜಿಎಸ್‌ಟಿ ನಂಬರ್, ಆಹಾರ ಪರವಾನಗಿಯ ನಂಬರ್, ಬ್ಯಾಂಕ್ ಖಾತೆ, ನಮ್ಮ ಪೂರೈಕೆದಾರರ ಹೆಸರು ಎಲ್ಲವೂ ಅಲ್ಲಿ ಮೊದಲೇ ಇರುವುದರಿಂದ, ಅರ್ಜಿ ತನಿಖೆಯಂತೆ ಕಾಣದೆ ಪರಸ್ಪರ ಪರಿಚಯದಂತೆ ಕಾಣುತ್ತದೆ.

ಬಳಸಬಾರದ ಮಾತುಗಳೂ ಇವೆ. "ತಪ್ಪು ತಿಳಿಯಬೇಡಿ" ಎಂದು ಶುರು ಮಾಡಿದರೆ, ತಪ್ಪು ತಿಳಿಯಬೇಕಾದದ್ದು ಏನೋ ಇದೆ ಎಂದು ನಾವೇ ತೋರಿಸಿಕೊಟ್ಟಂತೆ. "ಹಿಂದೆ ಒಬ್ಬರು ಟೋಪಿ ಹಾಕಿದರು, ಅದಕ್ಕೇ ಕೇಳುತ್ತೇವೆ" ಎಂಬುದು ಇನ್ನೂ ಕೆಟ್ಟದ್ದು. ಎದುರಿಗೆ ಕುಳಿತವರನ್ನು ಆ ಮೋಸಗಾರನ ಪಕ್ಕದಲ್ಲಿ ಕೂರಿಸಿದ ಹಾಗಾಗುತ್ತದೆ. ಒಂದು ವಾಕ್ಯದಲ್ಲಿ ಕೇಳಿ, ಸುಮ್ಮನಾಗಿ, ಕಾಫಿ ತರಿಸುವುದು ಉತ್ತಮ.

ಅರ್ಜಿಯಲ್ಲಿ ಏನೇನು ಇರಬೇಕು? ಆಧಾರ್ ಪ್ರತಿ ಕೇಳಲೇ?

ಇಪ್ಪತ್ತು, ಮೂವತ್ತು ಸಾವಿರದ ಉದ್ದರಿಗೆ ಆಧಾರ್ ಪ್ರತಿಯಾಗಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ಆಗಲಿ ಬೇಕಿಲ್ಲ. ಕೇಳಿದ ವಿವರವೆಲ್ಲ ಕೊಡಲಿರುವ ಮೊತ್ತಕ್ಕೆ ತಕ್ಕಂತಿರಬೇಕು. ಇಲ್ಲವಾದರೆ ಅಲ್ಲಿಯೇ ಸಂಶಯದ ವಾಸನೆ ಬರುತ್ತದೆ. ನಮ್ಮ ಅರ್ಜಿಯಲ್ಲಿರುವುದು ಇಷ್ಟೇ: ವ್ಯವಹಾರದ ಕಾನೂನುಬದ್ಧ ಹೆಸರು ಮತ್ತು ಜಿಎಸ್‌ಟಿ ನಂಬರ್, ಜಾಗ ಸ್ವಂತದ್ದೋ ಗುತ್ತಿಗೆಯದ್ದೋ, ಗುತ್ತಿಗೆಯಾದರೆ ಎಲ್ಲಿಯವರೆಗೆ, ತಿಂಗಳಿಗೆ ಬೇಕಾಗುವ ಅಂದಾಜು ಮಾಲು, ಬಿಲ್ಲು ಪಾಸು ಮಾಡುವವರ ಹೆಸರು ಮತ್ತು ಅವರಲ್ಲಿ ಪಾವತಿಯ ದಿನ, ಮೂವರು ಪೂರೈಕೆದಾರರು, ರದ್ದುಪಡಿಸಿದ ಒಂದು ಚೆಕ್ಕಿನ ಹಾಳೆ, ಏಕೆಂದರೆ ಖಾತೆಯ ಹೆಸರು ಬಿಲ್ಲಿನ ಹೆಸರಿಗೆ ಹೊಂದುತ್ತದೆಯೇ ಎಂಬುದು ಅದರಲ್ಲಿ ಕಾಣುತ್ತದೆ.

ಪಾವತಿಯ ದಿನವನ್ನು ಕೇಳುವುದನ್ನು ಹೆಚ್ಚಿನವರು ಮರೆಯುತ್ತಾರೆ. ಪ್ರತಿ ತಿಂಗಳ 10ರಂದು ಮಾತ್ರ ಬಿಲ್ಲು ಪಾಸು ಮಾಡುವ ಕಚೇರಿಗೆ 12ನೇ ತಾರೀಖಿನ ಬಿಲ್ಲನ್ನು ಮೂವತ್ತು ದಿನದ ಗಡುವಿನಲ್ಲಿ ಕೊಟ್ಟರೆ, ಗಡುವು ಬರುವುದು ಮುಂದಿನ 10 ಕಳೆದ ಮೇಲೆ. ಹಣ ಬರುವುದು ಅದರಾಚೆಯ 10ಕ್ಕೆ, ಅಂದರೆ ಸುಮಾರು ಅರವತ್ತನೇ ದಿನ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಬಿಲ್ಲಿನ ತಾರೀಖನ್ನು ಒಂದು ವಾರ ಹಿಂದಕ್ಕೆ ಬರುವಂತೆ ಸರಬರಾಜಿನ ದಿನ ಬದಲಿಸಿಕೊಂಡರೆ ಮುಗಿಯಿತು.

ಅರ್ಜಿಯ ಕೊನೆಯಲ್ಲಿ "ಮೇಲಿನ ಪೂರೈಕೆದಾರರಿಂದ ನಮ್ಮ ಪಾವತಿಯ ರೂಢಿಯನ್ನು ವಿಚಾರಿಸಲು ಒಪ್ಪಿಗೆ ಇದೆ" ಎಂಬ ಸಾಲಿಗೆ ಸಹಿ ಇರಲಿ. ಫೋನ್ ಮಾಡಿದಾಗ ಆ ಕಡೆಯವರು ನಿಸ್ಸಂಕೋಚವಾಗಿ ಮಾತಾಡಲು ಈ ಸಾಲು ಬೇಕು.

## ವಿವರ ಕೈಗೆ ಬಂದ ಮೇಲೆ

ಜಿಎಸ್‌ಟಿ ನಂಬರ್ ಕೊಟ್ಟಿದ್ದಾರೆ. ಅದನ್ನಿಟ್ಟುಕೊಂಡು ನಾನೇನು ಮಾಡಲಿ?

ಹದಿನೈದು ಅಕ್ಷರಗಳ ಆ ನಂಬರಿನಲ್ಲಿ ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕ 29, ಕೇರಳ 32. ಮುಂದಿನ ಹತ್ತು ಪಾನ್ ನಂಬರ್. ಆ ಪಾನ್‌ನ ನಾಲ್ಕನೇ ಅಕ್ಷರ P ಆಗಿದ್ದರೆ ವ್ಯವಹಾರ ಒಬ್ಬ ವ್ಯಕ್ತಿಯದು, F ಆಗಿದ್ದರೆ ಪಾಲುದಾರಿಕೆ, C ಆಗಿದ್ದರೆ ಕಂಪನಿ. ಅರ್ಜಿಯಲ್ಲಿ "ಪ್ರೈವೇಟ್ ಲಿಮಿಟೆಡ್" ಎಂದು ಬರೆದು ನಂಬರಿನಲ್ಲಿ P ಇದ್ದರೆ ಅಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ.

ಬಳಿಕ gst.gov.in ತಾಣದಲ್ಲಿ ಲಾಗಿನ್ ಆಗದೆಯೇ "Search Taxpayer" ಮೂಲಕ ನಂಬರನ್ನು ಹಾಕಿ ನೋಡಬಹುದು. ನೋಂದಣಿಯಾದ ದಿನ, ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ಮುಖ್ಯ ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ಅಮಾನತಾಗಿದೆಯೋ ರದ್ದಾಗಿದೆಯೋ ಎಂಬುದು ಕಾಣುತ್ತದೆ. ಕೆಳಗೆ "Show Filing Table" ಒತ್ತಿದರೆ ರಿಟರ್ನ್‌ಗಳನ್ನು ಯಾವ ದಿನ ಸಲ್ಲಿಸಿದ್ದಾರೆಂಬ ಪಟ್ಟಿ ತೆರೆಯುತ್ತದೆ. ನಿಯಮಿತವಾಗಿ ಸಲ್ಲಿಸುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದ್ದರೆ ಕೈಯಲ್ಲಿ ಹಣದ ಅಡಚಣೆ ಇರಬಹುದು. ಆದರೆ ಇಲ್ಲಿ ಆತುರದ ತೀರ್ಮಾನ ಬೇಡ. ವಾರ್ಷಿಕ ವಹಿವಾಟು 5 ಕೋಟಿಯವರೆಗೆ ಇರುವವರು GSTR-3B ರಿಟರ್ನನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬಹುದು. ಅಂಥವರ ಪಟ್ಟಿಯಲ್ಲಿ ತಿಂಗಳುಗಳ ಅಂತರ ಕಾಣುವುದು ತಪ್ಪಲ್ಲ. ಇನ್ನೊಂದು ಮಿತಿಯೂ ಇದೆ: ಸರ್ಕಾರಕ್ಕೆ ಸರಿಯಾಗಿ ಕಟ್ಟುವವರು ಪೂರೈಕೆದಾರರನ್ನು ಕಾಯಿಸುವುದಿಲ್ಲ ಎಂದೇನೂ ಇಲ್ಲ.

ಬೋರ್ಡಿನಲ್ಲಿ ಒಂದು ಹೆಸರು, ಜಿಎಸ್‌ಟಿಯಲ್ಲಿ ಇನ್ನೊಬ್ಬರ ಹೆಸರು ಬರುತ್ತಿದೆ. ಇದರಿಂದ ತೊಂದರೆ ಉಂಟೇ?

ಹೆಸರು ಬೇರೆಯಾಗಿರುವುದು ತೊಂದರೆಯಲ್ಲ, ಅದನ್ನು ಗಮನಿಸದಿರುವುದು ತೊಂದರೆ. ಇಲ್ಲಿ ತೋಟದ ಮನೆತನದವರು ಕಟ್ಟಡ ಕಟ್ಟಿಸಿ, ನಡೆಸಲು ಬೇರೆಯವರಿಗೆ ಗುತ್ತಿಗೆ ಕೊಡುವುದು ಸಾಮಾನ್ಯ. ನಡೆಸುವವರು ಎರಡು ಮೂರು ವರ್ಷಕ್ಕೆ ಬದಲಾಗುತ್ತಾರೆ. ಆದರೆ ಬೋರ್ಡು, ಅಡುಗೆಯವರು, ಕೆಲವೊಮ್ಮೆ ಮ್ಯಾನೇಜರ್ ಕೂಡ ಬದಲಾಗದೆ ಹಾಗೇ ಉಳಿದಿರುತ್ತಾರೆ. ನಮಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಹೀಗೆಯೇ. ಬಿಲ್ಲನ್ನು ನಾವು ಬೋರ್ಡಿನ ಹೆಸರಿಗೆ ಬರೆಯುತ್ತಿದ್ದೆವು. ಒಂದು ಜುಲೈಯಲ್ಲಿ ಬಾಕಿ ಕೇಳಲು ಹೋದಾಗ ಕೌಂಟರಿನಲ್ಲಿದ್ದವರು ವಿನಯದಿಂದಲೇ "ನಾವು ಜೂನ್‌ನಿಂದ ಬಂದವರು, ಹಳೆಯ ಲೆಕ್ಕ ನಮ್ಮದಲ್ಲ" ಎಂದರು. ಜಾಗದ ಒಡೆಯರು "ನಮಗೆ ಬಾಡಿಗೆ ಮಾತ್ರ ಸಂಬಂಧ" ಎಂದರು. ಎರಡೂ ಸರಿಯಾದ ಮಾತೇ. ನಮ್ಮ ಸಾಲಗಾರ ಯಾರೆಂದು ನಮ್ಮ ಬಿಲ್ಲಿನಲ್ಲೇ ಬರೆದಿರಲಿಲ್ಲ.

ಅಂದಿನಿಂದ ಬಿಲ್ಲನ್ನು ಕಾನೂನುಬದ್ಧ ಹೆಸರಿಗೆ ಬರೆದು, ಬೋರ್ಡಿನ ಹೆಸರನ್ನು ಅದರ ಕೆಳಗೆ ಹಾಕುತ್ತೇವೆ. ಗುತ್ತಿಗೆಯ ಬಗ್ಗೆ ಕೇಳುವಾಗ "ಬಿಲ್ಲು ಯಾವ ಹೆಸರಿಗೆ ಹಾಕಲಿ ಸರ್, ನಿಮ್ಮ ಜಿಎಸ್‌ಟಿ ಲೆಕ್ಕಕ್ಕೆ ಹೊಂದಬೇಕಲ್ಲ" ಎಂದರೆ ಸಾಕು. ಉಳಿದ ಕಥೆಯನ್ನು ಅವರೇ ಹೇಳುತ್ತಾರೆ.

ರೆಫರೆನ್ಸ್ ಕೊಟ್ಟವರಿಗೆ ಫೋನ್ ಮಾಡಿ "ಜನ ಹೇಗೆ" ಎಂದು ಕೇಳಿದರೆ "ಒಳ್ಳೆಯವರು" ಎನ್ನುತ್ತಾರೆ. ಮುಂದೆ ಏನು ಕೇಳಲಿ?

"ಜನ ಹೇಗೆ" ಎಂಬ ಪ್ರಶ್ನೆಗೆ ನಮ್ಮೂರಿನಲ್ಲಿ ಒಂದೇ ಉತ್ತರ. ಯಾರೂ ಅಪರಿಚಿತನ ಮುಂದೆ ತಮ್ಮ ಗ್ರಾಹಕರನ್ನು ದೂರುವುದಿಲ್ಲ, ದೂರಲೂಬಾರದು. ಆದ್ದರಿಂದ ಸ್ವಭಾವವನ್ನು ಕೇಳದೆ ಲೆಕ್ಕದ ಪುಸ್ತಕದಲ್ಲಿರುವುದನ್ನು ಕೇಳಬೇಕು. ಎಷ್ಟು ಸಮಯದಿಂದ ಮಾಲು ಕೊಡುತ್ತಿದ್ದೀರಿ? ಗಡುವು ಎಷ್ಟು ದಿನದ್ದು, ಸಾಮಾನ್ಯವಾಗಿ ಹಣ ಬರುವುದು ಎಷ್ಟನೇ ದಿನ? ಬಾಕಿ ಅತಿ ಹೆಚ್ಚು ಎಂದರೆ ಹತ್ತು ಸಾವಿರದ ಒಳಗೋ, ಐವತ್ತರ ಒಳಗೋ, ಅದಕ್ಕೂ ಮೇಲೋ? ಕೊನೆಯದಾಗಿ, ಈಗಲೂ ಉದ್ದರಿಗೇ ಕೊಡುತ್ತಿದ್ದೀರಾ?

ಈ ಕೊನೆಯ ಪ್ರಶ್ನೆಗೆ ಬೆಲೆ ಹೆಚ್ಚು. "ಈಗ ರೊಕ್ಕಕ್ಕೆ ಮಾಡಿಕೊಂಡಿದ್ದೇವೆ" ಎಂದು ಒಬ್ಬರು ಹೇಳಿದರೆ ಅವರು ಯಾರನ್ನೂ ದೂರಿಲ್ಲ, ಆದರೂ ನಮಗೆ ತಿಳಿಯಬೇಕಾದದ್ದು ತಿಳಿಯಿತು. ಮೊತ್ತವನ್ನು ನಿಖರವಾಗಿ ಕೇಳದೆ ಅಂದಾಜಿನ ಮಿತಿಯಲ್ಲಿ ಕೇಳಿದರೆ ಉತ್ತರ ಸಲೀಸಾಗಿ ಬರುತ್ತದೆ. ಅಂಗಡಿಯಲ್ಲಿ ಗಿರಾಕಿಗಳಿರುವ ಹೊತ್ತು ಬಿಟ್ಟು, ಮಧ್ಯಾಹ್ನ ಮೂರರ ಸುಮಾರಿಗೆ ಮಾಡಿದ ಫೋನಿಗೆ ಜನ ಲೆಡ್ಜರ್ ತೆರೆದು ನೋಡಿ ಹೇಳಿದ್ದುಂಟು.

ಅವರು ಕೊಟ್ಟದ್ದು ತಮ್ಮ ಭಾವನ ನಂಬರೇ ಇರಬಹುದಲ್ಲ?

ಇರಬಹುದು. ಯಾರೂ ತಮ್ಮನ್ನು ಬೈಯುವವರ ನಂಬರ್ ಕೊಡುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಇದಕ್ಕೆ ಎರಡು ಸುಲಭ ಉಪಾಯಗಳಿವೆ. "ಯಾರಾದರೂ ಮೂವರು" ಎಂದು ಕೇಳುವ ಬದಲು "ದಿನಸಿ ಎಲ್ಲಿಂದ, ಲಾಂಡ್ರಿ ಯಾರು, ಕೋಳಿ ಯಾರು ಕೊಡುತ್ತಾರೆ" ಎಂದು ಬಾಬತ್ತು ಹಿಡಿದು ಕೇಳಿದರೆ ಆಯ್ಕೆಯ ಜಾಗ ಕಿರಿದಾಗುತ್ತದೆ. ಎರಡನೆಯದಾಗಿ, ಅರ್ಜಿಯಲ್ಲಿರುವ ಮೊಬೈಲಿನ ಬದಲು ಆ ಅಂಗಡಿಯ ಬಿಲ್ಲಿನಲ್ಲಿ ಅಥವಾ ಬೋರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡಬೇಕು. ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪದಷ್ಟು ಊರುಗಳಲ್ಲಿ ಅದನ್ನು ಹುಡುಕಲು ಹತ್ತು ನಿಮಿಷವೂ ಬೇಡ.

ನಿಜವಾದ ಪೂರೈಕೆದಾರರಿಗೆ ಸಣ್ಣ ಸಣ್ಣ ಸಂಗತಿಗಳು ನೆನಪಿರುತ್ತವೆ: ಗೇಟಿನಲ್ಲಿ ಮಾಲು ಇಳಿಸಿಕೊಳ್ಳುವವರು ಯಾರು, ಬಿಲ್ಲಿಗೆ ಸೀಲು ಹಾಕುವುದು ಯಾರು. ನೆಂಟರಿಗೆ ಹೊಗಳಿಕೆ ಮಾತ್ರ ಗೊತ್ತಿರುತ್ತದೆ.

ಸಣ್ಣ ಹೋಂಸ್ಟೇ, ಜಿಎಸ್‌ಟಿಯೇ ಇಲ್ಲ. ಆಗ?

ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ, ಇಲ್ಲದಿರುವುದು ದೋಷವಲ್ಲ. ಎರಡು ಮೂರು ಕೋಣೆಯ ಮನೆಗೆ ತಿಂಗಳಿಗೆ ಎರಡು ಕಿಲೋ ಪುಡಿ ಹೋಗುವುದಾದರೆ ಅರ್ಜಿ, ರೆಫರೆನ್ಸ್ ಎಂದು ಇಬ್ಬರ ಸಮಯವನ್ನೂ ಹಾಳುಮಾಡದೆ ರೊಕ್ಕದ ವ್ಯಾಪಾರ ಮಾಡುವುದೇ ಮರ್ಯಾದೆ.

## ತೀರ್ಮಾನದ ಹಂತ

ಎಲ್ಲ ವಿಚಾರಿಸಿದೆ. ಎಷ್ಟರವರೆಗೆ ಉದ್ದರಿ ಕೊಡಬಹುದು ಎಂದು ಲೆಕ್ಕ ಹಾಕುವುದು ಹೇಗೆ?

ಒಂದು ಪ್ರಕರಣವನ್ನೇ ಪೂರ್ತಿ ಹೇಳುತ್ತೇನೆ. ಮಡಿಕೇರಿಯ ಹತ್ತಿರದ ಹನ್ನೆರಡು ಕೋಣೆಯ ರೆಸಾರ್ಟೊಂದು ಹದಿನೈದು ದಿನಕ್ಕೊಮ್ಮೆ 20 ಕಿಲೋ ಪುಡಿ ಬೇಕೆಂದು, 45 ದಿನದ ಉದ್ದರಿ ಕೇಳಿತು. ಕಿಲೋಗೆ ₹600ರಂತೆ ₹12,000, ಜೊತೆಗೆ ಶೇ 5 ಜಿಎಸ್‌ಟಿ ಸೇರಿ ಒಂದು ಬಿಲ್ಲು ₹12,600. ಜಿಎಸ್‌ಟಿ ತಾಣದಲ್ಲಿ ನೋಡಿದಾಗ ನೋಂದಣಿಗೆ ಹತ್ತು ತಿಂಗಳಾಗಿತ್ತು, ಕಾನೂನುಬದ್ಧ ಹೆಸರು ಗುತ್ತಿಗೆಗೆ ಪಡೆದ ವ್ಯಕ್ತಿಯದು, ರಿಟರ್ನ್‌ಗಳು ಒಂದೆರಡು ದಿನ ಹೆಚ್ಚುಕಡಿಮೆಯಾದರೂ ಸಲ್ಲಿಕೆಯಾಗಿದ್ದವು. ದಿನಸಿಯ ಸಗಟು ಅಂಗಡಿಯವರು ಎಂಟು ತಿಂಗಳಿಂದ 30 ದಿನದ ಉದ್ದರಿಗೆ ಕೊಡುತ್ತಿದ್ದು, ಹಣ ನಲವತ್ತರ ಸುಮಾರಿಗೆ ಬರುತ್ತದೆ, ಮಳೆಗಾಲದಲ್ಲಿ ಒಮ್ಮೆ ಅರವತ್ತು ದಾಟಿತ್ತು ಎಂದರು. ಕೋಳಿ ಕೊಡುವವರದ್ದು ವಾರವಾರದ ರೊಕ್ಕ. ಅವರ ಮಾತಿನಿಂದ ಉದ್ದರಿಯ ಬಗ್ಗೆ ಏನೂ ತಿಳಿಯದು. ಮೂರನೆಯ ನಂಬರಿನವರು ತುಂಬ ಹೊಗಳಿದರು, ಆದರೆ ತಾವು ಒದಗಿಸುವ ಮಾಲು ಯಾವುದೆಂದು ಹೇಳಲು ತಡವರಿಸಿದರು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗ ಲೆಕ್ಕ. ತಿಂಗಳ ವ್ಯಾಪಾರ ₹25,200 ಎಂದು, ಅಷ್ಟೇ ನಮ್ಮ ಹಣ ಹೊರಗಿರುತ್ತದೆ ಎಂದುಕೊಳ್ಳುವುದು ತಪ್ಪು. ಅವರು ಕೇಳಿದ 45 ದಿನಕ್ಕೆ ಒಪ್ಪಿದರೆ, ಮೊದಲ ಬಿಲ್ಲಿನ ಗಡುವು ಬರುವ ದಿನಕ್ಕೆ ಸೊನ್ನೆ, ಹದಿನೈದು, ಮೂವತ್ತು, ನಲವತ್ತೈದನೇ ದಿನದ ನಾಲ್ಕು ಬಿಲ್ಲುಗಳು, ಅಂದರೆ ₹50,400 ಹೊರಗಿರುತ್ತದೆ. ದಿನಸಿಯವರಿಗೆ ಒಮ್ಮೆ ಆದಂತೆ ಹಣ ಅರವತ್ತನೇ ದಿನದವರೆಗೆ ತಡವಾದರೆ ಐದು ಬಿಲ್ಲು, ₹63,000. ಹತ್ತು ತಿಂಗಳ ಹೊಸ ವ್ಯವಹಾರಕ್ಕೆ ನಮ್ಮಂಥ ಘಟಕ ಅಷ್ಟನ್ನು ಬಿಡಲಾಗದು.

ನಾವು ಕೊಟ್ಟದ್ದು 30 ದಿನ, ಮೊದಲ ಮೂರು ತಿಂಗಳಿಗೆ ಎರಡು ಬಿಲ್ಲಿನ ಮಿತಿ. ಮೊದಲ ಬಿಲ್ಲಿನ ಹಣ ಬಂದ ಮೇಲೆ ಮೂರನೆಯ ಮೂಟೆ ಹೊರಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೋಣೆಗಳು ಖಾಲಿ ಇರುವ ಕಾಲವಾದ್ದರಿಂದ ಆ ಮೂರು ತಿಂಗಳು ಒಂದೇ ಬಿಲ್ಲಿನ ಮಿತಿ, ಮೂಟೆಯೂ ಹತ್ತು ಕಿಲೋದ್ದು. ಮಾಲೀಕರಿಗೆ ಇದನ್ನು ಹೇಳಿದಾಗ ಅವರು ವಾದಿಸಿದ್ದು ದಿನಗಳ ಬಗ್ಗೆ ಅಲ್ಲ, ದರದ ಬಗ್ಗೆ. ಆರು ತಿಂಗಳಾದ ಮೇಲೆ ಮಿತಿಯನ್ನು ಮೂರು ಬಿಲ್ಲಿಗೆ ಏರಿಸಿದೆವು.

ವಿವರ ಕೊಡಲು ಒಪ್ಪದವರಿಗೆ, ಅಥವಾ ವಿವರ ಸರಿಬಾರದವರಿಗೆ ಏನು ಹೇಳಲಿ?

ಕೊಡದಿರುವುದು ಅವರ ಹಕ್ಕು. ಕೆಲವರು ಪೂರೈಕೆದಾರರ ಹೆಸರನ್ನು ಯಾರಿಗೂ ಹೇಳುವುದಿಲ್ಲ. ಅಂಥವರಿಗೆ "ಸರಿ ಸರ್, ಹಾಗಾದರೆ ಆರು ತಿಂಗಳು ರೊಕ್ಕಕ್ಕೆ ನಡೆಸೋಣ, ಅದೇ ನಿಮ್ಮ ರೆಫರೆನ್ಸ್ ಆಗುತ್ತದೆ" ಎನ್ನುತ್ತೇವೆ, ರೊಕ್ಕದ ದರದಲ್ಲಿ ಶೇ 2 ಬಿಡುತ್ತೇವೆ. ವಿವರ ಸರಿಬಾರದಿದ್ದರೂ ಉತ್ತರ ಇದೇ. ರೆಫರೆನ್ಸಿನವರು ಏನು ಹೇಳಿದರೆಂದು ಗ್ರಾಹಕರ ಮುಂದೆ ಎಂದಿಗೂ ಬಾಯಿಬಿಡಬಾರದು; ಬಿಟ್ಟರೆ ಮುಂದಿನ ಸಲ ನಮ್ಮ ಫೋನಿಗೆ ಯಾರೂ ಉತ್ತರಿಸುವುದಿಲ್ಲ.

ಇಷ್ಟೆಲ್ಲ ಏಕೆ, ಸಹಿ ಮಾಡಿದ ಖಾಲಿ ಚೆಕ್ಕೊಂದನ್ನು ಇಟ್ಟುಕೊಂಡರೆ ಸಾಲದೇ?

ಸಂಶಯವನ್ನು ಮುಖಕ್ಕೇ ಹೇಳುವ ದಾರಿ ಇದ್ದರೆ ಇದೇ. ಪ್ರಯೋಜನವೂ ಜನ ಅಂದುಕೊಂಡಷ್ಟಿಲ್ಲ. ಚೆಕ್ಕು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು ಮಾತ್ರ ನಡೆಯುತ್ತದೆ. ಅದು ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟು, ಅದು ತಲುಪಿದ ಮೇಲೆ 15 ದಿನ ಕಾದು, ಆ ಬಳಿಕ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. ಹನ್ನೆರಡು ಸಾವಿರದ ಬಿಲ್ಲಿಗೆ ಇಷ್ಟು ಓಡಾಡುವವರು ಕಡಿಮೆ. ನಾವು ಅದರ ಬದಲು ಪ್ರತಿ ಸರಬರಾಜಿಗೂ ಬಿಲ್ಲಿನ ಪ್ರತಿಯ ಮೇಲೆ ಹೆಸರು, ತಾರೀಖು ಸಹಿತ ಸ್ವೀಕೃತಿ ಪಡೆಯುತ್ತೇವೆ.

ನಮ್ಮದು ಉದ್ಯಮ್ ನೋಂದಣಿ ಇರುವ ಘಟಕ. 45 ದಿನದ ಕಾನೂನು ನಮ್ಮನ್ನು ಕಾಯುವುದಿಲ್ಲವೇ?

ಸ್ವಲ್ಪ ಮಟ್ಟಿಗೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕದ ಪೂರೈಕೆಗೆ ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಗಡುವು ಇರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ತಯಾರಕರಾದ ನಮಗೆ ಇದು ಅನ್ವಯಿಸುತ್ತದೆ. ಮಾಲು ಕೊಂಡು ಮಾರುವ ವ್ಯಾಪಾರಿಗಳು ಇದನ್ನೇ ನೆಚ್ಚಿಕೊಳ್ಳುವ ಮುನ್ನ ತಮ್ಮ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು. ಬಿಲ್ಲಿನ ಮೇಲೆ ಉದ್ಯಮ್ ನಂಬರನ್ನು ಮುದ್ರಿಸಿದರೆ ಸಾಕು, ಮೊದಲ ಭೇಟಿಯಲ್ಲೇ ಕಾಯ್ದೆಯ ಹೆಸರು ಎತ್ತುವುದು ಬೇಡ.

ನಾಳೆ ಬೇರೆಯವರು ನನಗೇ ಫೋನ್ ಮಾಡಿ ನನ್ನ ಗ್ರಾಹಕರ ಬಗ್ಗೆ ಕೇಳಿದರೆ?

ಗ್ರಾಹಕರ ಒಪ್ಪಿಗೆಯ ಸಾಲನ್ನು ವಾಟ್ಸಾಪಿನಲ್ಲಿ ಕಳಿಸಲು ಹೇಳಿ. ಬಂದ ಮೇಲೆ ಪುಸ್ತಕದಲ್ಲಿ ಇರುವಷ್ಟನ್ನು ಹೇಳಿ: ಯಾವಾಗಿನಿಂದ, ಎಷ್ಟು ದಿನದ ಗಡುವು, ಸಾಮಾನ್ಯವಾಗಿ ಎಷ್ಟನೇ ದಿನ. "ಕೊಡಬಹುದೇ, ಬೇಡವೇ" ಎಂದು ಕೇಳಿದರೆ ಉತ್ತರಿಸಬೇಡಿ. ಮೊನ್ನೆ ನನ್ನ ಚಿಕ್ಕಪ್ಪನ ಮಗನ ಬಗ್ಗೆಯೇ ಒಬ್ಬ ಹಾಸಿಗೆ ಬಟ್ಟೆಯ ವ್ಯಾಪಾರಿ ಫೋನ್ ಮಾಡಿದ್ದರು. ನೆಂಟನೆಂದು ಮೊದಲೇ ತಿಳಿಸಿ, ಲೆಡ್ಜರ್ ನೋಡಿ ಹೇಳಿದೆ: ಎರಡು ವರ್ಷದಿಂದ, 30 ದಿನದ ಗಡುವು, ಸಾಮಾನ್ಯವಾಗಿ 34ನೇ ದಿನ.